ಬಲಗಡೆ ಕೂತ ‘ಗೈರು’

ಇಳಕಲ್ಲಿನ ಪೇಟೆಯೊಳಗಿನ ಒಂದು ಮೊಬೈಲ್ ಅಂಗಡಿ. ಹೋದವಾರ ನಾನು ಅಲ್ಲಿಗೆ ಹೋಗಿದ್ದು ಚಾರ್ಜರ್ ತಗೊಳ್ಳಲಿಕ್ಕೆ. ಬಾದಾಮಿಯಿಂದ ಗುಳೇದಗುಡ್ಡ, ಅಮೀನಗಡ, ಹುನಗುಂದ ಹಾಯ್ದು ಬರುವಷ್ಟರಲ್ಲಿ ನನ್ನ ಫೋನು ಸತ್ತಿತ್ತು. ಐದು ನಿಮಿಷದ ಕೆಲಸಕ್ಕೆ ಹೋದವನು ಎರಡು ತಾಸು ಅಲ್ಲೇ ಕೂತೆ. ಕಾರಣ, ಕೌಂಟರಿನ ಮೇಲಿದ್ದ ಇನ್ನೊಬ್ಬರ ಫೋನು.

ಅದನ್ನು ತಂದವರು ಎಪ್ಪತ್ತರ ಹತ್ತಿರದ ಒಬ್ಬ ನೇಕಾರರು. ಮಗ ದಮ್ಮಾಮಿನಲ್ಲಿ ದುಡಿಯುತ್ತಾನೆ. ರಜೆಗೆ ಬಂದವನು ತನ್ನ ಹಳೆಯ ಫೋನನ್ನು ಅಪ್ಪನಿಗೆ ಬಿಟ್ಟು ಹೋಗಿದ್ದಾನೆ. ಫೋನಿನ ತುಂಬ ಅರಬ್ಬಿ. ಭಾಷೆ ಬದಲಿಸಬೇಡ, ನನ್ನ ಫೋನಿನಲ್ಲೂ ಹೀಗೇ ಇದೆ, ಎಲ್ಲಿ ಒತ್ತಬೇಕೆಂದು ಅಲ್ಲಿಂದಲೇ ಹೇಳುತ್ತೇನೆ ಎಂದು ಅವನ ಕಟ್ಟಪ್ಪಣೆ. ಈಗ ಹಣ ಕಳಿಸುವ ಆ್ಯಪ್ ತೆರೆದು ಸ್ಕ್ಯಾನರ್ ಒತ್ತಿದರೆ ಪರದೆ ಕರ್ರಗೆ ನಿಲ್ಲುತ್ತದೆ. ಅಂಗಡಿಯ ಹುಡುಗ ಕ್ಯಾಮರಾ ಕೆಟ್ಟಿದೆಯೇನೋ ಎಂದು ಫೋಟೋ ತೆಗೆದು ನೋಡಿದ. ಫೋಟೋ ಚೆನ್ನಾಗೇ ಬಂತು.

“ಕಾಕಾ, ಇದು ಪರ್ಮಿಷನ್ ಕೇಳಿದಾಗ ನೀವು ಏನ ಒತ್ತಿದ್ರಿ?”

“ಎಲ್ಲಾ ಒಂದ ನಮೂನಿ ಕಾಣ್ತಾವಪಾ. ಕೆಳಗಿಂದು ಒತ್ತಿದೆ. ಎರಡ ಸಲ ಕೇಳ್ತು, ಎರಡೂ ಸಲ ಅದನ್ನ ಒತ್ತಿದೆ. ಆಮ್ಯಾಲೆ ಅದು ಕೇಳೂದ ಬಿಟ್ಟತು.”

ಕಾಕಾ ಹೇಳಿದ್ದು ಅಕ್ಷರಶಃ ಸರಿ. ಆ್ಯಪ್ ಒಂದು ಕ್ಯಾಮರಾವನ್ನೋ ಮೈಕನ್ನೋ ಬಳಸುವ ಮುನ್ನ ನಮ್ಮನ್ನು ಕೇಳಬೇಕೆಂಬ ಏರ್ಪಾಡು ಆಂಡ್ರಾಯ್ಡಿಗೆ ಬಂದದ್ದು 2015ರಲ್ಲಿ, ಅದರ ಆರನೆಯ ಆವೃತ್ತಿಯಲ್ಲಿ. ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಆಯ್ಕೆ 2019ರಲ್ಲಿ ಸೇರಿತು, ‘ಈ ಸಲ ಮಾತ್ರ’ ಎಂಬುದು 2020ರಲ್ಲಿ. ಅದೇ 2020ರ ಆವೃತ್ತಿಯಿಂದ ಇನ್ನೊಂದು ನಿಯಮ ಬಂತು: ಒಂದೇ ಅನುಮತಿಗೆ ಎರಡು ಸಲ ಬೇಡ ಎಂದರೆ ಆ ಆ್ಯಪ್ ಮತ್ತೆ ಆ ಪ್ರಶ್ನೆ ಎತ್ತುವಂತಿಲ್ಲ. ಕಾಡುವ ಆ್ಯಪ್‌ಗಳ ಬಾಯಿ ಮುಚ್ಚಿಸಲು ಮಾಡಿದ ಒಳ್ಳೆಯ ನಿಯಮ ಅದು. ಓದಲು ಬಾರದವರಿಗೆ ಮಾತ್ರ ಅದೇ ಬಾಗಿಲಿನ ಚಿಲಕ.

ಗುಂಡಿಗಳೆಲ್ಲ ಒಂದೇ ನಮೂನಿ ಕಾಣುತ್ತವೆ ಎಂಬ ಮಾತು ನನ್ನನ್ನು ಹಿಡಿದು ಕೂರಿಸಿತು. ಅಂಗಡಿಯ ಸ್ಟೂಲಿನ ಮೇಲೆ ಉರ್ದು ಶಾಲೆಯ ನಿವೃತ್ತ ಮಾಸ್ತರರೊಬ್ಬರು ಚಹಾ ಕುಡಿಯುತ್ತಿದ್ದರು. ಹುಡುಗ ಬೇರೊಂದು ಆ್ಯಪ್ ತೆರೆದು ಎರಡೇ ಗುಂಡಿಯ ಪ್ರಶ್ನೆ ಏಳುವಂತೆ ಮಾಡಿ, ಫೋನನ್ನು ಅವರ ಕೈಗೆ ಕೊಟ್ಟ. ಅವರು ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದರು.

ಒಪ್ಪಿಗೆ ಎಂಬುದಕ್ಕೆ ಅರಬ್ಬಿ ಪರದೆಯ ಮೇಲಿನ ಶಬ್ದ السماح, ‘ಅಸ್ಸಮಾಹ್’. ಬೇಡ ಎಂಬುದಕ್ಕೆ عدم السماح, ‘ಅದಮ್ ಅಸ್ಸಮಾಹ್’. ಅಂದರೆ ಒಪ್ಪಿಗೆಯ ಶಬ್ದ ಹಾಗೇ ಇದೆ, ಅದರ ಮುಂದೆ ‘ಇಲ್ಲದಿರುವಿಕೆ’ ಎಂಬ ಅರ್ಥದ ‘ಅದಮ್’ ಕೂತಿದೆ ಅಷ್ಟೆ. ಅರಬ್ಬಿಯಲ್ಲಿ ‘ಮುಂದೆ’ ಅಂದರೆ ಬಲಗಡೆ. ಬಾದಾಮಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಕೆತ್ತಿದ ಕಾಲಕ್ಕೂ ಮೊದಲಿನಿಂದ ನಮ್ಮ ಕಣ್ಣು ಸಾಲನ್ನು ಹಿಡಿಯುವುದು ಎಡತುದಿಯಿಂದ. ಕಾಕಾ ನೋಡಿದ್ದೂ ಎಡತುದಿಯನ್ನೇ. ಅಲ್ಲಿ ಈ ಎರಡೂ ಮಾತು ಒಂದೇ ಸುರುಳಿಯಲ್ಲಿ ಮುಗಿಯುತ್ತವೆ. ನಿರಾಕರಣೆ ಇರುವುದು ಇನ್ನೊಂದು ತುದಿಯಲ್ಲಿ, ನಾವು ಸಾಲು ಮುಗಿಯಿತೆಂದು ಬಿಟ್ಟುಬಿಡುವ ಜಾಗದಲ್ಲಿ.

ಹಳೆಯ ಆವೃತ್ತಿಯ ಫೋನುಗಳಲ್ಲಿ ಇದೇ ಗುಂಡಿಯ ಮೇಲೆ رفض, ‘ರಫ್ಜ್’, ಎಂದಿರುತ್ತದೆ. ನಿರಾಕರಣೆ ಎಂದು ಅರ್ಥ. ಚಿಕ್ಕ ಶಬ್ದ, ಒಪ್ಪಿಗೆಯ ಶಬ್ದದೊಂದಿಗೆ ಯಾವ ಹೋಲಿಕೆಯೂ ಇಲ್ಲ. ಹೊಸದು ಹೆಚ್ಚು ವಿನಯದ ಮಾತಿರಬಹುದು. ಗುಂಡಿಯ ಮೇಲೆ ಬೇಕಾದದ್ದು ಹಳೆಯದೇ ಎಂದು ನನ್ನ ಖಚಿತ ಅಭಿಪ್ರಾಯ.

ಅರಬ್ಬಿ ಬಾರದವರು ‘ಅದಮ್’ ಅನ್ನು ಆಕಾರದಿಂದ ಗುರುತಿಸಬಹುದು. ಮಾಸ್ತರರು ರಟ್ಟಿನ ಮೇಲೆ ಬರೆದು ತೋರಿಸಿದರು. ಬಲತುದಿಯಲ್ಲಿ ಬಾಯಿ ತೆರೆದಂಥ ಚಿಕ್ಕ ಕೊಂಡಿ, ಅದಕ್ಕೆ ಅಂಟಿದ ಒಂದು ಬಾಗು, ಅಲ್ಲಿ ಕೈ ಬಿಟ್ಟು ಬೇರೆಯಾಗಿ ನಿಂತು ಬಾಲ ಕೆಳಗೆ ಇಳಿಬಿಟ್ಟ ‘ಮೀಮ್’. ಮೇಲೆ ಕೆಳಗೆ ಎಲ್ಲಿಯೂ ಚುಕ್ಕೆ ಇಲ್ಲ. ಇದು ಕಂಡರೆ ಬೇಡ ಎಂದರ್ಥ.

ಪ್ರಶ್ನೆಯ ಸಾಲಿಗೂ ಒಂದು ಹಾದಿ ಇದೆ. ಆ ಪೆಟ್ಟಿಗೆಯನ್ನು ಬಿಡಿಸುವುದು ಆ್ಯಪ್ ಅಲ್ಲ, ಫೋನು. ಹಾಗಾಗಿ ಆ್ಯಪ್ ಇಂಗ್ಲಿಷಿನಲ್ಲಿದ್ದರೂ ಕನ್ನಡದಲ್ಲಿದ್ದರೂ ಪ್ರಶ್ನೆ ಅರಬ್ಬಿಯಲ್ಲೇ ಬರುತ್ತದೆ, ನಡುವೆ ಆ್ಯಪಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೂತಿರುತ್ತದೆ. ಆ ಹೆಸರಿನ ಬಲಕ್ಕಿರುವುದು هل تريد السماح, ‘ಒಪ್ಪಿಗೆ ಕೊಡುವಿರಾ’ ಎಂಬ ಮಾತು. ಅದು ಎಲ್ಲ ಪ್ರಶ್ನೆಗೂ ಒಂದೇ. ಏನು ಕೇಳುತ್ತಿದೆ ಎಂಬುದು ಹೆಸರಿನ ಎಡಕ್ಕೆ ಬರುತ್ತದೆ, ಸಾಲು ಉದ್ದವಾದರೆ ಕೆಳಗಿನ ಸಾಲಿನ ಬಲತುದಿಯಿಂದ. ಮೇಲಿನ ಚಿತ್ರವೂ ಸಾಕ್ಷಿ ಹೇಳುತ್ತದೆ: ಕ್ಯಾಮರಾ, ಮೈಕು, ನಕ್ಷೆಯ ಗುರುತು.

ಅಷ್ಟರಲ್ಲಿ ಹುಡುಗ ಕಾಕಾರ ಆ್ಯಪನ್ನು ಸರಿಪಡಿಸಲು ಹೊರಟ. ಆ್ಯಪಿನ ಚಿಹ್ನೆಯನ್ನು ಒತ್ತಿ ಹಿಡಿದು, ಅದರ ಮಾಹಿತಿಯ ಪುಟ ತೆರೆದು, الأذونات, ‘ಅಲ್ ಉಜೂನಾತ್’, ಅಂದರೆ ಅನುಮತಿಗಳು ಎಂಬ ಸಾಲಿಗೆ ಹೋದ. ಅಲ್ಲಿ ಪಟ್ಟಿ ಎರಡು ಭಾಗವಾಗಿತ್ತು. ಮೇಲಿನದಕ್ಕೆ مسموح ಎಂದು ಮೊದಲಾಗುವ ತಲೆಬರಹ, ಕೆಳಗಿನದಕ್ಕೆ غير مسموح ಎಂದು. ಮಾಸ್ತರರು ಓದಿದರು: “ಮಸ್ಮೂಹ್... ಗೈರ್ ಮಸ್ಮೂಹ್.”

ಕಾಕಾ ತಟ್ಟನೆ ತಲೆ ಎತ್ತಿದರು. “ಗೈರ್ ಅಂದ್ರ? ನಮ್ಮ ಗೈರಹಾಜರಿ ಗೈರ?”

ಅದೇ ಗೈರು! ನನ್ನ ಎರಡು ತಾಸು ಹೋದದ್ದು ಇಲ್ಲಿ. ಶಾಲೆಯ ಹಾಜರಿ ಪುಸ್ತಕದಲ್ಲಿ ನಾವೆಲ್ಲ ಕಂಡ ಗೈರುಹಾಜರಿಯಲ್ಲಿ ಗೈರೂ ಅರಬ್ಬಿ ಮೂಲದ್ದು, ಹಾಜರೂ ಅರಬ್ಬಿ ಮೂಲದ್ದು. ಫಾರ್ಸಿ, ಉರ್ದು, ಮರಾಠಿಗಳ ಮೂಲಕ ವಿಜಾಪುರದ ಸೀಮೆಗೆ ಬಂದು ಕಚೇರಿಯಲ್ಲೂ ಕೋರ್ಟಿನಲ್ಲೂ ಬೇರುಬಿಟ್ಟ ಶಬ್ದಗಳಿವು. ಅನುಮತಿ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ الوصول ಅಂದರೆ ‘ತಲುಪುವುದು’. ಇಂಥ ಆ್ಯಪ್ ನಿಮ್ಮ ಸಂಪರ್ಕಗಳನ್ನು ತಲುಪಲೇ ಎಂದು ಕೇಳುವಾಗ ಬರುವ ಶಬ್ದ. ಅದೇ ‘ವುಸೂಲ್’ ನಮ್ಮಲ್ಲಿ ವಸೂಲಿ ಆಗಿದೆ. ಹಣ ಕೈಗೆ ತಲುಪಿದರೆ ವಸೂಲಿ. ಸ್ಥಳದ ಅನುಮತಿಯಲ್ಲಿ ಬರುವ الموقع ನಮಗೆ ಉರ್ದು, ಹಿಂದಿಗಳಿಂದ ಪರಿಚಿತವಾದ ‘ಮೌಕಾ’. ಜಾಗ ಎಂಬ ಅರ್ಥ ಸರಿದು ನಮ್ಮ ಬಾಯಲ್ಲಿ ಅವಕಾಶವಾಗಿದೆ. ಮಾಸ್ತರರು ಒಂದೊಂದೇ ಹೇಳುತ್ತ ಹೋದಂತೆ ಕಾಕಾ ಗೈರಾಣವನ್ನೂ ಈ ಸಾಲಿಗೆ ಸೇರಿಸಿದರು. ಅದು ಮಾತ್ರ ಬೇರೆ. ಗಾಯರಾನ್ ಮರಾಠಿಯದು, ಹಸು ಮೇಯುವ ಅಡವಿ. ಗೈರಿಗೂ ಅದಕ್ಕೂ ನಂಟಿಲ್ಲ. ಈ ವಿವರಕ್ಕೆ ನಾವು ಮೂವರೂ ಇನ್ನೊಂದು ಸುತ್ತು ಚಹಾ ತರಿಸಿದೆವು.

ಗೈರ್ ಗುರುತಿಸುವುದು ಇನ್ನೂ ಸುಲಭ. ಬಲತುದಿಯ ಆ ತೆರೆದ ಬಾಯಿಯ ಮೇಲೆ ಒಂದು ಚುಕ್ಕೆ, ನಡುವೆ ಕೆಳಗೆ ಎರಡು ಚುಕ್ಕೆ, ಕೊನೆಗೆ ಸಾಲಿನಿಂದ ಕೆಳಗಿಳಿವ ಬಾಗು. ಕಾಕಾರ ಪಟ್ಟಿಯಲ್ಲಿ ಕ್ಯಾಮರಾದ ಚಿತ್ರ ಗೈರ್ ಎಂಬ ತಲೆಬರಹದ ಕೆಳಗಿತ್ತು. ಅದನ್ನು ಒತ್ತಿದಾಗ ಆಯ್ಕೆಗಳು ಒಂದರ ಕೆಳಗೊಂದು ಬಂದವು. ಗುರುತು ಹಾಕುವ ದುಂಡು ಬಲತುದಿಯಲ್ಲಿ. ‘ಅದಮ್’ ಇದ್ದದ್ದು ಎಲ್ಲಕ್ಕಿಂತ ಕೆಳಗೆ. ಕಾಕಾ ತಾವೇ ಮೇಲಿನದನ್ನು ಒತ್ತಿದರು. ಸ್ಕ್ಯಾನರ್ ತೆರೆಯಿತು.

ಇಲ್ಲಿ ಆಯ್ಕೆಗಳು ಮೇಲೆ ಕೆಳಗೆ ಇರುವುದರಿಂದ ಎಡಬಲ ಅದಲುಬದಲಾದರೂ ಕ್ರಮ ಕೆಡುವುದಿಲ್ಲ. ಅಕ್ಕಪಕ್ಕ ಇರುವ ಗುಂಡಿಗಳದ್ದು ಹಾಗಲ್ಲ. 2012ರ ಆಂಡ್ರಾಯ್ಡ್ 4.2ರಿಂದ ಅರಬ್ಬಿಗೆ ಇಡೀ ಪರದೆ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ನಮ್ಮ ಹಳೆಯ ಫೋನಿನಲ್ಲಿ ಒಪ್ಪಿಗೆ ಬಲಮೂಲೆಗಿದ್ದರೆ ಅರಬ್ಬಿಯಲ್ಲಿ ಎಡಮೂಲೆಗೆ. ಹಿಂದೆ ಹೋಗುವ ಬಾಣ ಬಲಕ್ಕೆ ಮುಖ ಮಾಡುತ್ತದೆ. ಸ್ವಿಚ್ಚಿನ ಗುಂಡು ಎಡಕ್ಕೆ ಸರಿದರೆ ಚಾಲೂ, ಅದಕ್ಕೇ ಬಣ್ಣ ನೋಡಿ ತಿಳಿಯುವುದು ಲೇಸು. ಆದರೆ ತಿರುಗಲು ಒಪ್ಪದ ಆ್ಯಪ್‌ಗಳೂ ಇವೆ. ತಯಾರಿಸಿದವರು ಅದಕ್ಕೆ ಸಿದ್ಧ ಮಾಡಿರದಿದ್ದರೆ ಆ್ಯಪ್ ಎಡದಿಂದ ಬಲಕ್ಕೇ ಉಳಿದು, ಅದರ ಮೇಲೆ ಏಳುವ ಅನುಮತಿಯ ಪೆಟ್ಟಿಗೆ ಮಾತ್ರ ಬಲದಿಂದ ಎಡಕ್ಕೆ ಇರುತ್ತದೆ. ದಮ್ಮಾಮಿನ ಮಗ “ಬಲಗಡೆಯದು ಒತ್ತು” ಎಂದು ಹೇಳುವ ಪಾಠ ಮುರಿದು ಬೀಳುವುದು ಇಲ್ಲಿ. ಜಾಗ ಹೇಳಬಾರದು, ಶಬ್ದ ಹೇಳಬೇಕು.

ಅಂಕಿಗಳ ವಿಷಯದಲ್ಲಿ ಒಂದೇ ಮಾತು. ಸೌದಿಯಂಥ ದೇಶಗಳ ಅರಬ್ಬಿಯಲ್ಲಿ ಐದು ನಮ್ಮ ಸೊನ್ನೆಯಂತೆ ದುಂಡಗಿರುತ್ತದೆ, ಸೊನ್ನೆ ಬರೀ ಚುಕ್ಕೆ. ಬ್ಯಾಟರಿ ٥٠ ಎಂದು ತೋರಿಸಿದರೆ ಅರ್ಧ ತುಂಬಿದೆ ಎಂದರ್ಥ. ಫೋನ್ ನಂಬರಿನ ಮುಂದಿನ ಅಧಿಕ ಚಿಹ್ನೆ ಕೆಲವು ಕಡೆ 91ರ ಬಲಕ್ಕೆ ಸರಿದು ಕಾಣಬಹುದು. ನಂಬರ್ ಕೆಟ್ಟಿರುವುದಿಲ್ಲ.

ಎದ್ದು ಹೊರಡುವ ಮುನ್ನ ಹುಡುಗ ಆ ಫೋನಿನ ಬೇರೆ ಆ್ಯಪ್‌ಗಳನ್ನೂ ತೆರೆದು ನೋಡಿದ. ಟಾರ್ಚ್ ಹಚ್ಚುವ ಒಂದು ಆ್ಯಪಿಗೆ ಸಂಪರ್ಕಗಳು ಮತ್ತು ಮೈಕು ಎರಡೂ ಗೈರ್ ಇಲ್ಲದ ಭಾಗದಲ್ಲಿದ್ದವು. ಬೇಕಾದ ಆ್ಯಪಿಗೆ ಎರಡು ಸಲ ಬೇಡ ಎಂದ ಅದೇ ಫೋನಿನಲ್ಲಿ ಬೇಡದ ಆ್ಯಪಿಗೆ ಒಪ್ಪಿಗೆ ಸಿಕ್ಕಿತ್ತು. ಮಾಸ್ತರರು “ಅದಮ್ ಎಲ್ಲೈತಿ ಹೇಳ್ರಿ ನೋಡೂಣು” ಎಂದರು. ಕಾಕಾ ಬಲತುದಿಯಿಂದ ಬೆರಳಿಟ್ಟು ಹುಡುಕಿ ಎರಡನ್ನೂ ತೆಗೆದುಹಾಕಿದರು.

ಕೊಲ್ಲಿಯಿಂದ ಬಂದ ಫೋನು ನಿಮ್ಮ ಮನೆಯಲ್ಲೂ ಇದ್ದರೆ, ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ನಿಶ್ಚಿಂತರಾಗಬೇಡಿ. ಭಾಷೆ ಬದಲಾದರೆ ಶಬ್ದ ಬದಲಾಗುತ್ತದೆ, ಹಿಂದೆ ಕೊಟ್ಟ ಅನುಮತಿ ಕೊಟ್ಟಂತೆಯೇ ಉಳಿಯುತ್ತದೆ. ಒಂದು ಸಂಜೆ ಕೂತು ಒಂದೊಂದು ಆ್ಯಪಿನ ಪಟ್ಟಿಯನ್ನೂ ತೆರೆದು ನೋಡಿ.