ಟ್ಯಾಂಕಿನ ಕ್ಲೋರಿನ್ ಎಷ್ಟು ಹೊತ್ತು ಉಳಿಯತ್ತೆ? ಒಂದೇ ಡೇಟಾ, ಮೂರು ಉತ್ತರ

ಪಿಯುಸಿಯಲ್ಲಿ ಕೈನೆಟಿಕ್ಸ್ ಲೆಕ್ಕ ಬಂದಾಗ ಪ್ರಶ್ನೆಯಲ್ಲೇ ಅರ್ಧ ಉತ್ತರ ಇರ್ತಿತ್ತು. "ಈ ಕ್ರಿಯೆ ಫಸ್ಟ್ ಆರ್ಡರ್ ಎಂದು ತೋರಿಸಿ, ರೇಟ್ ಕಾನ್‌ಸ್ಟಂಟ್ ಕಂಡುಹಿಡಿಯಿರಿ." ಸರಿ, ಫಸ್ಟ್ ಆರ್ಡರ್ ಸೂತ್ರಕ್ಕೆ ಸಂಖ್ಯೆ ಹಾಕಿದ್ವಿ, k ಬಂತು, ಐದು ಮಾರ್ಕ್ಸ್. ಆರ್ಡರ್ ಯಾವುದು ಅಂತ ಯಾರೂ ಹೇಳದೆ, ಬರೀ ಸಮಯ ಮತ್ತು ಸಾಂದ್ರತೆಯ ಪಟ್ಟಿ ಕೈಗೆ ಕೊಟ್ಟರೆ ಏನ್ ಮಾಡೋದು? ಇದನ್ನ ನಾನು ಸರಿಯಾಗಿ ಕಲಿತದ್ದು ನಮ್ಮ ನಲ್ಲಿ ನೀರಿನಿಂದ.

ಯಲಹಂಕ ಕಡೆಯ ಪಿ.ಜಿ.ಗಳಲ್ಲಿ ಇರೋರಿಗೆ ಗೊತ್ತಿರತ್ತೆ, ಕಾವೇರಿ ನೀರು ಎಷ್ಟೋ ಕಡೆ ದಿನವೂ ಬರಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು ನೂರು ಕಿಲೋಮೀಟರ್ ಪಂಪ್ ಆಗಿ ಬರುವ ನೀರು ಮೊದಲು ಸಂಪ್‌ಗೆ ಬೀಳತ್ತೆ, ಆಮೇಲೆ ಮೇಲಿನ ಟ್ಯಾಂಕ್‌ಗೆ ಹೋಗತ್ತೆ. ಅಲ್ಲೇ ಒಂದೆರಡು ದಿನ ನಿಲ್ಲತ್ತೆ. ನೀರಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಬೆಳೆಯದಂತೆ ಕಾಯೋದು ಉಳಿದಿರೋ ಕ್ಲೋರಿನ್. ಕುಡಿಯುವ ನೀರಿನ ಭಾರತೀಯ ಮಾನದಂಡ IS 10500 ಪ್ರಕಾರ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಹಾಗಾದ್ರೆ ನಿಂತ ನೀರಲ್ಲಿ ಕ್ಲೋರಿನ್ ಎಷ್ಟು ಗಂಟೆಗೆ 0.2ಕ್ಕೆ ಇಳಿಯತ್ತೆ? ಇದು ಪಕ್ಕಾ ಕೈನೆಟಿಕ್ಸ್ ಪ್ರಶ್ನೆ, ಮತ್ತು ಇದರ ಉತ್ತರ ಪೂರ್ತಿ ಆರ್ಡರ್ ಮೇಲೆ ನಿಂತಿದೆ.

ಅಳೆದದ್ದು ಹೇಗೆ

ಸಂಪ್ ನೀರಿಗೆ ಹೈಪೋಕ್ಲೋರೈಟ್ ದ್ರಾವಣ ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು, ಏಳು ಕಂದು ಬಾಟಲಿಗಳಿಗೆ ಬಾಯಿ ತನಕ ತುಂಬಿ ಮುಚ್ಚಿಟ್ಟೆ. ಒಂದೊಂದು ರೀಡಿಂಗ್‌ಗೆ ಒಂದೊಂದು ಹೊಸ ಬಾಟಲಿ. ಒಂದೇ ಬಾಟಲಿಯನ್ನ ಪದೇ ಪದೇ ತೆರೆದರೆ ಕ್ಲೋರಿನ್ ಗಾಳಿಗೂ ಹೋಗತ್ತೆ. ಬಿಸಿಲು ಬಿದ್ದರೆ ಬೆಳಕೇ ಅದನ್ನ ಒಡೆಯತ್ತೆ. ಆಗ ನಾವು ಅಳೆಯೋದು ಬೇರೆಯದೇ ಕ್ರಿಯೆ.

ಪ್ರತಿ ಸಲ 500 ಮಿ.ಲೀ. ನೀರಿಗೆ ಅಸಿಟಿಕ್ ಆಮ್ಲ, ಪೊಟ್ಯಾಸಿಯಂ ಅಯೊಡೈಡ್ ಹಾಕಬೇಕು. ಕ್ಲೋರಿನ್ ಇದ್ದಷ್ಟು ಅಯೊಡಿನ್ ಬಿಡುಗಡೆ ಆಗತ್ತೆ. ಪಿಷ್ಟ ಹಾಕಿದರೆ ನೀಲಿ. ಆ ನೀಲಿ ಹೋಗುವ ತನಕ 0.01 N ಸೋಡಿಯಂ ಥಯೋಸಲ್ಫೇಟ್ ಬ್ಯುರೆಟ್‌ನಿಂದ ಬಿಡೋದು. ಬ್ಯುರೆಟ್ ರೀಡಿಂಗ್ ಅನ್ನು 0.709ರಿಂದ ಗುಣಿಸಿದರೆ ಲೀಟರ್‌ಗೆ ಎಷ್ಟು ಮಿಲಿಗ್ರಾಂ ಕ್ಲೋರಿನ್ ಅಂತ ಸಿಗತ್ತೆ.

| ಸಮಯ (ಗಂಟೆ) | ಬ್ಯುರೆಟ್ (ಮಿ.ಲೀ.) | ಕ್ಲೋರಿನ್ C (ಮಿ.ಗ್ರಾಂ/ಲೀ.) |
|---|---|---|
| 0 | 2.80 | 1.99 |
| 2 | 2.30 | 1.63 |
| 4 | 1.90 | 1.35 |
| 6 | 1.55 | 1.10 |
| 8 | 1.25 | 0.89 |
| 12 | 0.85 | 0.60 |
| 24 | 0.25 | 0.18 |

ಮೊದಲ ಮೂರು ರೀಡಿಂಗ್ ಮಾಡಿದ ಮೋಸ

ನಾಲ್ಕು ಗಂಟೆ ಆಗೋ ಹೊತ್ತಿಗೆ ನನಗೆ ತಾಳ್ಮೆ ಹೋಗಿತ್ತು. ಮೂರು ರೀಡಿಂಗ್ ಇದೆಯಲ್ಲ, ಗ್ರಾಫ್ ಹಾಕಿಬಿಡೋಣ ಅಂದ್ಕೊಂಡೆ. ನಿಯಮ ನಮಗೆಲ್ಲ ಗೊತ್ತಿರೋದೇ. ಜೀರೋ ಆರ್ಡರ್ ಆದರೆ C ಮತ್ತು ಸಮಯದ ಗ್ರಾಫ್ ನೇರ ಗೆರೆ. ಫಸ್ಟ್ ಆರ್ಡರ್ ಆದರೆ ln C ನೇರ. ಸೆಕೆಂಡ್ ಆರ್ಡರ್ ಆದರೆ 1/C ನೇರ. ಯಾವುದು ನೇರ ಬರತ್ತೋ ಅದೇ ಆರ್ಡರ್, ಆ ಗೆರೆಯ ಸ್ಲೋಪ್‌ನಿಂದ k.

ಸ್ಪ್ರೆಡ್‌ಶೀಟ್‌ನಲ್ಲಿ `=LN(C2)`, `=1/C2` ಅಂತ ಎರಡು ಕಾಲಂ ಮಾಡಿ ಮೂರೂ ಗ್ರಾಫ್ ಹಾಕಿದೆ. ಮೂರೂ ನೇರ! ಮೂರಕ್ಕೂ R² 0.99ಕ್ಕಿಂತ ಮೇಲೆ. ಫಸ್ಟ್ ಆರ್ಡರ್ ಸ್ವಲ್ಪ ಮುಂದಿತ್ತು ನಿಜ, ಆದರೆ ಆ ವ್ಯತ್ಯಾಸ ಬ್ಯುರೆಟ್ ಓದುವ ತಪ್ಪಿನಷ್ಟೇ. ಒಂದು ಹನಿ, ಅಂದರೆ 0.05 ಮಿ.ಲೀ. ಆಚೀಚೆ ಆದರೆ C 0.035ರಷ್ಟು ಬದಲಾಗತ್ತೆ.

ಮೂರೂ ನೇರ ಇದ್ದರೆ ಏನಾಯ್ತು, ಯಾವುದೋ ಒಂದನ್ನ ತಗೊಂಡ್ರಾಯ್ತು ಅನ್ನಬಹುದು. ಆದರೆ ನಮ್ಮ ಮೂಲ ಪ್ರಶ್ನೆಗೆ ವಾಪಸ್ ಬನ್ನಿ: 0.2ಕ್ಕೆ ಇಳಿಯೋದು ಯಾವಾಗ?

ಜೀರೋ ಆರ್ಡರ್ ಆದರೆ k = (1.99 − 1.35)/4 = 0.16. ಸಮಯ (1.99 − 0.2)/0.16, ಅಂದರೆ ಸುಮಾರು 11 ಗಂಟೆ.

ಫಸ್ಟ್ ಆರ್ಡರ್ ಆದರೆ k = ln(1.99/1.35)/4 = 0.097. ಸಮಯ ln(1.99/0.2)/0.097, ಸುಮಾರು 24 ಗಂಟೆ.

ಸೆಕೆಂಡ್ ಆರ್ಡರ್ ಆದರೆ k = (1/1.35 − 1/1.99)/4 = 0.06. ಸಮಯ (1/0.2 − 1/1.99)/0.06, ಸುಮಾರು 75 ಗಂಟೆ.

ಅದೇ ಮೂರು ರೀಡಿಂಗ್. ಒಂದು ಲೆಕ್ಕದಲ್ಲಿ ಇವತ್ತು ರಾತ್ರಿಗೇ ನೀರು ಅಸುರಕ್ಷಿತ, ಇನ್ನೊಂದರಲ್ಲಿ ನಾಳೆ ಬೆಳಗ್ಗೆ ತನಕ ಓಕೆ, ಮತ್ತೊಂದರಲ್ಲಿ ಮೂರು ದಿನ ಚಿಂತೆ ಇಲ್ಲ. R² ನೋಡಿ ನಿರ್ಧಾರ ಮಾಡಿದ್ರೆ ಯಾವುದು ಬೇಕಾದ್ರೂ ಆಗಬಹುದಿತ್ತು.

ಕಾರಣ ಸರಳ. ಯಾವುದೇ ಬಾಗಿದ ಗೆರೆಯ ಚಿಕ್ಕ ತುಂಡು ನೇರವಾಗೇ ಕಾಣತ್ತೆ. ನಾಲ್ಕು ಗಂಟೆಗೆ ಕ್ಲೋರಿನ್‌ನ ಮೂರನೇ ಒಂದು ಭಾಗ ಮಾತ್ರ ಖರ್ಚಾಗಿತ್ತು. ಅಷ್ಟರಲ್ಲಿ ಮೂರು ಆರ್ಡರ್‌ಗಳ ಗೆರೆಗಳು ಒಂದಕ್ಕೊಂದು ಬೇರೆ ಆಗೋದೇ ಇಲ್ಲ. ಅರ್ಧ ದಾಟಿ, ಸಾಧ್ಯವಾದರೆ ಮುಕ್ಕಾಲು ಭಾಗ ಮುಗಿಯುವ ತನಕ ಅಳೆದರೆ ಮಾತ್ರ ಆರ್ಡರ್ ಬಗ್ಗೆ ಮಾತಾಡಬಹುದು.

ಪೂರ್ತಿ ಡೇಟಾ ಏನು ಹೇಳತ್ತೆ

ಈಗ ಗ್ರಾಫ್ ಪಕ್ಕಕ್ಕಿಟ್ಟು ಇನ್ನೊಂದು ದಾರಿ ನೋಡೋಣ. ಅಕ್ಕಪಕ್ಕದ ಎರಡೆರಡು ರೀಡಿಂಗ್ ತಗೊಂಡು, ಪ್ರತಿ ಜೋಡಿಗೂ ಬೇರೆ ಬೇರೆ k ಲೆಕ್ಕ ಹಾಕಿ. ಊಹಿಸಿದ ಆರ್ಡರ್ ಸರಿ ಇದ್ದರೆ ಎಲ್ಲ ಜೋಡಿಗೂ k ಹೆಚ್ಚುಕಮ್ಮಿ ಒಂದೇ ಬರಬೇಕು. ಕಾನ್‌ಸ್ಟಂಟ್ ಅಂತ ಕರೆಯೋದೇ ಅದಕ್ಕಲ್ವಾ?

ಜೀರೋ ಆರ್ಡರ್ ಅಂತ ಹಾಕಿದರೆ k ಹೀಗೆ ಬರತ್ತೆ: 0.18, 0.14, 0.125, 0.105, 0.073, 0.035. ಸಾಲಾಗಿ ಇಳೀತಾನೇ ಹೋಗತ್ತೆ.

ಸೆಕೆಂಡ್ ಆರ್ಡರ್‌ಗೆ: 0.055, 0.064, 0.084, 0.107, 0.136, 0.324. ಸಾಲಾಗಿ ಏರ್ತಾ ಹೋಗತ್ತೆ.

ಫಸ್ಟ್ ಆರ್ಡರ್‌ಗೆ: 0.100, 0.094, 0.102, 0.106, 0.099, 0.100. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಆದರೆ ಒಂದೇ ದಿಕ್ಕಿಗೆ ಹೋಗಲ್ಲ.

ಇಲ್ಲಿ ನೋಡಬೇಕಾದ್ದು ಇದೇ. ಅಳತೆಯ ತಪ್ಪಿದ್ದರೆ k ಆಚೀಚೆ ಅಲುಗಾಡತ್ತೆ. ಆರ್ಡರ್ ತಪ್ಪಿದ್ದರೆ k ಒಂದೇ ದಿಕ್ಕಿಗೆ ಜಾರತ್ತೆ. ಸರಾಸರಿ ತೆಗೆದುಬಿಟ್ಟರೆ ಈ ಎರಡರ ವ್ಯತ್ಯಾಸ ಮುಚ್ಚಿಹೋಗತ್ತೆ. ಅದಕ್ಕೇ ಲ್ಯಾಬ್ ರೆಕಾರ್ಡ್‌ನಲ್ಲಿ "ಸರಾಸರಿ k" ಬರೆಯೋ ಮುಂಚೆ ಆ ಕಾಲಂ ಅನ್ನು ಮೇಲಿಂದ ಕೆಳಗೆ ಒಮ್ಮೆ ಓದಬೇಕು.

ಹಾಗಾಗಿ ಫಸ್ಟ್ ಆರ್ಡರ್, k ಗಂಟೆಗೆ ಸುಮಾರು 0.10. ಹಾಫ್ ಲೈಫ್ 0.693/0.10, ಅಂದರೆ ಏಳು ಗಂಟೆಗೆ ಸ್ವಲ್ಪ ಕಮ್ಮಿ. ಪಟ್ಟಿಯಲ್ಲೂ 6 ಮತ್ತು 8 ಗಂಟೆಯ ಮಧ್ಯೆ ಕ್ಲೋರಿನ್ ಅರ್ಧ ಆಗಿದೆ. 0.2ಕ್ಕೆ ಇಳಿಯಲು ಸುಮಾರು 23 ಗಂಟೆ. ದಿನ ಬಿಟ್ಟು ದಿನ ನೀರು ಬರೋ ಮನೆಯಲ್ಲಿ ಎರಡನೇ ದಿನದ ನೀರಿಗೆ ಕ್ಲೋರಿನ್ ಕಾವಲು ಇರಲ್ಲ ಅಂತಾಯ್ತು.

ಇನ್ನೊಂದು ಲಾಭ ಗಮನಿಸಿ. ಫಸ್ಟ್ ಆರ್ಡರ್‌ನಲ್ಲಿ ಬೇಕಾಗೋದು ಸಾಂದ್ರತೆಗಳ ಅನುಪಾತ ಮಾತ್ರ. ಬ್ಯುರೆಟ್ ರೀಡಿಂಗ್ ನೇರವಾಗಿ ಹಾಕಿ ln(2.80/0.25)/24 ಅಂದ್ರೂ k 0.10 ಬರತ್ತೆ, 0.709 ಬೇಕಾಗೇ ಇಲ್ಲ. ಥಯೋಸಲ್ಫೇಟ್‌ನ ನಾರ್ಮಾಲಿಟಿ ಸ್ವಲ್ಪ ತಪ್ಪಿದ್ರೂ k ಬದಲಾಗಲ್ಲ. ಜೀರೋ ಮತ್ತು ಸೆಕೆಂಡ್ ಆರ್ಡರ್‌ನಲ್ಲಿ ಈ ರಿಯಾಯಿತಿ ಇಲ್ಲ.

ಕೊನೇ ಬಿಂದುವನ್ನ ಎಷ್ಟು ನಂಬೋದು

ಆರ್ಡರ್ ತೀರ್ಮಾನ ಮಾಡೋದಕ್ಕೆ ಕೊನೇ ರೀಡಿಂಗ್ ತುಂಬ ಮುಖ್ಯ ಅಂತ ನೋಡಿದ್ವಿ. ತೊಂದರೆ ಏನಂದ್ರೆ, ಅದೇ ಎಲ್ಲಕ್ಕಿಂತ ದುರ್ಬಲವಾದ ರೀಡಿಂಗ್ ಕೂಡ. 2.80 ಮಿ.ಲೀ.ನಲ್ಲಿ ಒಂದು ಹನಿ ತಪ್ಪಿದರೆ ಶೇಕಡಾ 2. ಆದರೆ 0.25 ಮಿ.ಲೀ.ನಲ್ಲಿ ಅದೇ ಒಂದು ಹನಿ ಶೇಕಡಾ 20. ಲಾಗ್ ತಗೊಂಡಾಗ ಈ ತಪ್ಪು ಹಾಗೇ ಉಳಿಯತ್ತೆ, 1/Cಯಲ್ಲಿ ಇನ್ನೂ ದೊಡ್ಡದಾಗತ್ತೆ. ಬರೀ ಮೊದಲನೇ ಮತ್ತು ಕೊನೇ ರೀಡಿಂಗ್‌ನಿಂದ ಲೆಕ್ಕ ಹಾಕಿದರೆ, ಕೊನೆಯ ಒಂದು ಹನಿಗೇ k 0.093ರಿಂದ 0.110ರ ತನಕ ಓಡಾಡತ್ತೆ. ಸ್ಪ್ರೆಡ್‌ಶೀಟ್‌ನ ಟ್ರೆಂಡ್‌ಲೈನ್ ಇದನ್ನ ನೋಡಲ್ಲ, ಎಲ್ಲ ಬಿಂದುವಿಗೂ ಸಮಾನ ಬೆಲೆ ಕೊಡತ್ತೆ. ಹಾಗಾಗಿ ಕೊನೇ ಭಾಗದಲ್ಲಿ ಒಂದೇ ರೀಡಿಂಗ್ ಇಟ್ಟು ಕೂರಬಾರದು. 12 ಮತ್ತು 24ರ ಮಧ್ಯೆ ನಾನು ಇನ್ನೆರಡು ಬಾಟಲಿ ಇಡಬೇಕಿತ್ತು.

ಈ k ಯಾರದ್ದು?

k = 0.10 ಕ್ಲೋರಿನ್‌ನ ಗುಣ ಅಂದ್ಕೊಂಡ್ರೆ ತಪ್ಪು. ಕ್ಲೋರಿನ್ ತನ್ನಷ್ಟಕ್ಕೇ ಮಾಯ ಆಗ್ತಿಲ್ಲ, ನೀರಲ್ಲಿರೋ ಸಾವಯವ ಕಲ್ಮಶದ ಜೊತೆ ಪ್ರತಿಕ್ರಿಯಿಸ್ತಿದೆ. ನಿಜವಾದ ವೇಗ ಎರಡರ ಮೇಲೂ ನಿಂತಿದೆ. ಕಲ್ಮಶ ಬೇಕಾದಷ್ಟಿದ್ದು, ಅದರ ಪ್ರಮಾಣ ಹೆಚ್ಚು ಬದಲಾಗದಿದ್ದಾಗ ಮಾತ್ರ ಅದು k ಒಳಗೆ ಸೇರಿಕೊಂಡು ಫಸ್ಟ್ ಆರ್ಡರ್ ಥರ ಕಾಣತ್ತೆ. ಇದನ್ನೇ ಸ್ಯೂಡೋ ಫಸ್ಟ್ ಆರ್ಡರ್ ಅನ್ನೋದು. ಬೇಗ ಪ್ರತಿಕ್ರಿಯಿಸೋ ಕಲ್ಮಶ ಮೊದಲ ನಿಮಿಷಗಳಲ್ಲೇ ಕ್ಲೋರಿನ್ ತಿಂದುಬಿಡತ್ತೆ, ಅದಕ್ಕೇ ಅರ್ಧ ಗಂಟೆ ಬಿಟ್ಟು ಗಡಿಯಾರ ಶುರು ಮಾಡಿದ್ದು.

ಇದನ್ನ ಪರೀಕ್ಷೆ ಮಾಡೋ ದಾರಿ ಇದೆ: ಅದೇ ನೀರಿಗೆ ಹೈಪೋಕ್ಲೋರೈಟ್ ಎರಡರಷ್ಟು ಹಾಕಿ ಮತ್ತೆ ಅಳೆಯಿರಿ. k ಅಷ್ಟೇ ಬಂದರೆ ಫಸ್ಟ್ ಆರ್ಡರ್ ಮಾತು ಗಟ್ಟಿ. k ಕಮ್ಮಿಯಾದರೆ ಕಲ್ಮಶವೂ ಖಾಲಿಯಾಗ್ತಿದೆ ಅಂತ ಅರ್ಥ, ಮತ್ತು ಆ k ಆ ಡೋಸ್‌ಗೆ ಮಾತ್ರ ಸಲ್ಲತ್ತೆ. ಟ್ಯಾಂಕರ್ ನೀರು, ಬೋರ್‌ವೆಲ್ ನೀರು, ಪಾಚಿ ಕಟ್ಟಿದ ಟ್ಯಾಂಕಿನ ಗೋಡೆ, ಏಪ್ರಿಲ್ ಸೆಕೆ, ಎಲ್ಲಕ್ಕೂ k ಬೇರೆ.

ಈ ಟೈಟ್ರೇಶನ್‌ನಲ್ಲಿ ಇನ್ನೊಂದು ಮಿತಿ ಇದೆ. ಅದು ಮುಕ್ತ ಕ್ಲೋರಿನ್ ಜೊತೆ ಅಮೋನಿಯಾಗೆ ಕೂಡಿಕೊಂಡ ಕ್ಲೋರಿನ್ ಅನ್ನೂ ಸೇರಿಸಿ ತೋರಿಸತ್ತೆ. ಮಾನದಂಡದ 0.2 ಮುಕ್ತ ಕ್ಲೋರಿನ್‌ಗೆ ಮಾತ್ರ. ಅಂದರೆ ನನ್ನ 23 ಗಂಟೆ ಹೆಚ್ಚೆಂದರೆ 23 ಗಂಟೆ, ನಿಜವಾದ ಗಡುವು ಅದಕ್ಕೂ ಮುಂಚೆ ಇರಬಹುದು. ಅದನ್ನ ಸರಿಯಾಗಿ ಹಿಡಿಯೋಕೆ DPD ಕಿಟ್ ಬೇಕು. ಮುಂದಿನ ಸಲ ಅದರಲ್ಲೇ, ಒಂಬತ್ತು ಬಾಟಲಿ ಇಟ್ಟು ಅಳೀತೀನಿ.