‘ಇಲ್ಲ’ ಎಂಬ ಉತ್ತರಕ್ಕೂ ಒಂದು ಆಯುಷ್ಯ

ಡಿಎನ್‌ಎಸ್‌ನಲ್ಲಿ ‘ಇದೆ’ ಎಂಬ ಉತ್ತರವನ್ನು ನೆನಪಿಟ್ಟುಕೊಳ್ಳುವಂತೆ ‘ಇಲ್ಲ’ ಎಂಬ ಉತ್ತರವನ್ನೂ ನೆನಪಿಟ್ಟುಕೊಳ್ಳಲಾಗುತ್ತದೆ. ಹೀಗೆ ಇಲ್ಲದಿರುವುದನ್ನು ನೆನಪಿಡುವ ಪದ್ಧತಿಗೆ ನೆಗೆಟಿವ್ ಕ್ಯಾಶಿಂಗ್ ಎಂದು ಹೆಸರು. ಹೊಸದಾಗಿ ಒಂದು ಹೆಸರನ್ನು ಸೇರಿಸಿದ ಮೇಲೂ ಕೆಲವರ ಕಂಪ್ಯೂಟರ್‌ಗಳಲ್ಲಿ ‘ಅಂಥ ಹೆಸರೇ ಇಲ್ಲ’ ಎಂದು ಬರುತ್ತಿದ್ದರೆ ಬಹಳ ಸಲ ಅದಕ್ಕೆ ಈ ಪದ್ಧತಿಯೇ ಕಾರಣ. ಆ ‘ಇಲ್ಲ’ ಎಷ್ಟು ಹೊತ್ತು ಉಳಿಯಬೇಕು ಎಂಬುದನ್ನು ಹೊಸ ಹೆಸರಿನ ದಾಖಲೆ ತೀರ್ಮಾನಿಸುವುದಿಲ್ಲ. ಡೊಮೇನಿನ ಎಸ್‌ಒಎ ದಾಖಲೆಯ ಕೊನೆಯಲ್ಲಿರುವ ‘ಮಿನಿಮಮ್’ ಎಂಬ ಸಂಖ್ಯೆಗೆ ಅದರಲ್ಲಿ ಮುಖ್ಯ ಪಾತ್ರವಿದೆ.

ವೆಬ್‌ಸೈಟಿನ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಳ್ಳುವ ಕೆಲಸದಲ್ಲಿ ಎರಡು ಬಗೆಯ ಸರ್ವರ್‌ಗಳು ಪಾಲುಗೊಳ್ಳುತ್ತವೆ. ಒಂದು, ಡೊಮೇನಿನ ಮೂಲ ದಾಖಲೆಗಳನ್ನು ಇಟ್ಟುಕೊಂಡಿರುವ ಅಧಿಕೃತ ಸರ್ವರ್. ಇನ್ನೊಂದು, ಬಳಕೆದಾರರ ಪರವಾಗಿ ಅಲ್ಲಿಗೆ ಹೋಗಿ ಕೇಳಿ ಬರುವ ರೆಸಾಲ್ವರ್. ಇಂಟರ್‌ನೆಟ್ ಸೇವೆ ಕೊಡುವ ಕಂಪನಿ, ಕಚೇರಿಯ ನೆಟ್‌ವರ್ಕ್, ಸಾರ್ವಜನಿಕ ಡಿಎನ್‌ಎಸ್ ಸೇವೆಗಳು ಇಂಥ ರೆಸಾಲ್ವರ್‌ಗಳನ್ನು ನಡೆಸುತ್ತವೆ. ಒಮ್ಮೆ ತಂದ ಉತ್ತರವನ್ನು ರೆಸಾಲ್ವರ್ ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡು, ಅದೇ ಪ್ರಶ್ನೆ ಮತ್ತೆ ಬಂದಾಗ ಅಲ್ಲಿಂದಲೇ ಕೊಡುತ್ತದೆ. ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಎಂಬುದು ಪ್ರತಿ ದಾಖಲೆಯ ಜೊತೆಗೇ ಬರುತ್ತದೆ, ಅದೇ ಟಿಟಿಎಲ್.

ಇಲ್ಲಿ ಒಂದು ತೊಡಕು ಹುಟ್ಟುತ್ತದೆ. ಇರುವ ದಾಖಲೆಗಾದರೆ ಅದರದೇ ಟಿಟಿಎಲ್ ಇದೆ. ಇಲ್ಲದ ದಾಖಲೆಗೆ ಟಿಟಿಎಲ್ ಎಲ್ಲಿಂದ ಬರಬೇಕು? ಹಾಗೆಂದು ‘ಇಲ್ಲ’ವನ್ನು ನೆನಪಿಡದೆ ಬಿಟ್ಟರೂ ಕಷ್ಟ. ತಪ್ಪಾಗಿ ಟೈಪಾದ ಹೆಸರುಗಳು, ಯಾವಾಗಲೋ ತೆಗೆದುಹಾಕಿದ ಸರ್ವರ್‌ಗಳನ್ನು ಇನ್ನೂ ಹುಡುಕುತ್ತಿರುವ ತಂತ್ರಾಂಶಗಳು, ಹೆಸರಿನ ಕೊನೆಗೆ ಕಚೇರಿಯ ಡೊಮೇನನ್ನು ತಾವೇ ಅಂಟಿಸಿ ನೋಡುವ ಕಂಪ್ಯೂಟರ್‌ಗಳು ಇಲ್ಲದ ಹೆಸರುಗಳನ್ನೇ ಮತ್ತೆ ಮತ್ತೆ ಕೇಳುತ್ತವೆ. ಪ್ರತಿ ಸಲವೂ ಆ ಪ್ರಶ್ನೆ ಅಧಿಕೃತ ಸರ್ವರ್‌ವರೆಗೆ ಹೋದರೆ ಅದರ ಮೇಲೆ ವೃಥಾ ಹೊರೆ ಬೀಳುತ್ತದೆ, ಕೇಳಿದವರೂ ಪ್ರತಿ ಸಲ ಕಾಯಬೇಕಾಗುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಎಸ್‌ಒಎ ದಾಖಲೆ. ಒಂದು ಡೊಮೇನಿನ ದಾಖಲೆಗಳನ್ನೆಲ್ಲ ಒಳಗೊಂಡ ಆಡಳಿತ ಘಟಕಕ್ಕೆ ಝೋನ್ ಎನ್ನುತ್ತಾರೆ. ಪ್ರತಿ ಝೋನ್‌ಗೂ ಒಂದೇ ಒಂದು ಎಸ್‌ಒಎ ಇರುತ್ತದೆ. `example.com` ಎಂಬ ಮಾದರಿ ಹೆಸರಿಗೆ ಅದು ಹೀಗಿರಬಹುದು:

```
$TTL 86400
@  IN  SOA  ns1.example.com. hostmaster.example.com. (
            2025061001
            7200
            900
            1209600
            3600 )
```

ಮೊದಲಿಗೆ ಮುಖ್ಯ ಸರ್ವರಿನ ಹೆಸರು, ಆಮೇಲೆ ಹೊಣೆ ಹೊತ್ತವರ ಇಮೇಲ್ ವಿಳಾಸ. ಅದರಲ್ಲಿ @ ಗುರುತಿನ ಜಾಗದಲ್ಲಿ ಚುಕ್ಕಿ ಇರುತ್ತದೆ. ಐದು ಸಂಖ್ಯೆಗಳಲ್ಲಿ ಮೊದಲನೆಯದು ಝೋನ್‌ನ ಆವೃತ್ತಿ ಸಂಖ್ಯೆ. ನಂತರದ ಮೂರು, ಪ್ರತಿ ಇಟ್ಟುಕೊಂಡಿರುವ ಉಪ ಸರ್ವರ್‌ಗಳು ಯಾವಾಗ ಬಂದು ವಿಚಾರಿಸಬೇಕು, ವಿಫಲವಾದರೆ ಮತ್ತೆ ಯಾವಾಗ ಪ್ರಯತ್ನಿಸಬೇಕು, ಎಷ್ಟು ಕಾಲದ ಮೇಲೆ ತಮ್ಮ ಪ್ರತಿಯನ್ನು ಕೈಬಿಡಬೇಕು ಎಂಬುದಕ್ಕೆ ಸಂಬಂಧಿಸಿದವು. ಕೊನೆಯ 3600 ಎಂಬುದೇ ಮಿನಿಮಮ್.

ಹೆಸರು ಮತ್ತು ಕೆಲಸ ಹೊಂದದಿರುವುದಕ್ಕೆ ಇತಿಹಾಸ ಕಾರಣ. 1987ರಲ್ಲಿ ಪಾಲ್ ಮೊಕಪೆಟ್ರಿಸ್ ಬರೆದ ಆರ್‌ಎಫ್‌ಸಿ 1035ರಲ್ಲಿ ಈ ಸಂಖ್ಯೆ ಝೋನ್‌ನ ಎಲ್ಲ ದಾಖಲೆಗಳ ಟಿಟಿಎಲ್‌ಗೆ ಕನಿಷ್ಠ ಮಿತಿಯಾಗಿತ್ತು. ಹೆಸರು ಬಂದದ್ದು ಅಲ್ಲಿಂದ. ಬಳಕೆಯಲ್ಲಿ ಅದು, ಟಿಟಿಎಲ್ ಬರೆಯದೆ ಬಿಟ್ಟ ದಾಖಲೆಗಳಿಗೆ ತಾನಾಗಿ ಅನ್ವಯಿಸುವ ಬೆಲೆಯೂ ಆಯಿತು. 1998ರ ಮಾರ್ಚ್‌ನಲ್ಲಿ ಮಾರ್ಕ್ ಆಂಡ್ರೂಸ್ ಬರೆದ ಆರ್‌ಎಫ್‌ಸಿ 2308 ಆ ಎರಡೂ ಅರ್ಥಗಳನ್ನು ಕೈಬಿಟ್ಟು, ‘ಇಲ್ಲ’ ಎಂಬ ಉತ್ತರದ ಆಯುಷ್ಯವನ್ನು ಹೇಳುವ ಕೆಲಸವನ್ನಷ್ಟೇ ಮಿನಿಮಮ್‌ಗೆ ಉಳಿಸಿತು. ಟಿಟಿಎಲ್ ಬರೆಯದ ದಾಖಲೆಗಳಿಗಾಗಿ `$TTL` ಎಂಬ ಬೇರೆ ಸಾಲನ್ನೇ ತಂದಿತು. ಹಳೆಯ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ‘ದಾಖಲೆಗಳು ಒಂದು ದಿನ ಇರಲಿ’ ಎಂದು ಅಲ್ಲಿ 86400 ಬರೆದವರು, ತಮಗೆ ಗೊತ್ತಿಲ್ಲದೆಯೇ ‘ಇಲ್ಲ’ಕ್ಕೆ ಒಂದು ದಿನದ ಆಯುಷ್ಯ ಕೊಟ್ಟಂತಾಗುತ್ತದೆ.

ಅಧಿಕೃತ ಸರ್ವರ್ ‘ಇಲ್ಲ’ ಎನ್ನುವಾಗ ಬರಿಗೈಯಲ್ಲಿ ಕಳಿಸುವುದಿಲ್ಲ; ಉತ್ತರದ ಜೊತೆಗೆ ಝೋನ್‌ನ ಎಸ್‌ಒಎಯನ್ನೂ ಲಗತ್ತಿಸುತ್ತದೆ. ಎಸ್‌ಒಎ ದಾಖಲೆಗೆ ತನ್ನದೇ ಟಿಟಿಎಲ್ ಇದೆ, ಅದರ ಒಳಗೆ ಮಿನಿಮಮ್ ಇದೆ. ಇವೆರಡರಲ್ಲಿ ಯಾವುದು ಚಿಕ್ಕದೋ ಅದೇ ‘ಇಲ್ಲ’ದ ಆಯುಷ್ಯ. ಮೇಲಿನ ಉದಾಹರಣೆಯಲ್ಲಿ ಎಸ್‌ಒಎಯ ಟಿಟಿಎಲ್ 86400, ಮಿನಿಮಮ್ 3600. ಆದ್ದರಿಂದ ‘ಇಲ್ಲ’ ಒಂದು ಗಂಟೆ ಉಳಿಯುತ್ತದೆ. ಎಸ್‌ಒಎ ಇಲ್ಲದೆ ಬಂದ ‘ಇಲ್ಲ’ವನ್ನು ಕ್ಯಾಶ್‌ನಲ್ಲಿ ಇಡಬಾರದು ಎಂದು ಅದೇ ಆರ್‌ಎಫ್‌ಸಿ ಹೇಳುತ್ತದೆ.

ಈಗ ಒಂದು ದಿನದ ಘಟನೆಯನ್ನು ಗಡಿಯಾರ ಹಿಡಿದು ನೋಡಬಹುದು. ಈ ಝೋನ್‌ಗೆ `shop.example.com` ಎಂಬ ಹೊಸ ಹೆಸರು ಸೇರಬೇಕಿದೆ. ಬೆಳಿಗ್ಗೆ 10 ಗಂಟೆಗೆ, ದಾಖಲೆ ಸೇರುವ ಮೊದಲೇ, ಒಬ್ಬರು ‘ಬಂದಿದೆಯೋ ಏನೋ’ ಎಂದು ಆ ಹೆಸರನ್ನು ಕೇಳಿ ನೋಡುತ್ತಾರೆ. ರೆಸಾಲ್ವರ್ ಅಧಿಕೃತ ಸರ್ವರನ್ನು ವಿಚಾರಿಸಿ ‘ಇಲ್ಲ’ವನ್ನು 3600 ಸೆಕೆಂಡಿನ ಆಯುಷ್ಯದೊಡನೆ ಇಟ್ಟುಕೊಳ್ಳುತ್ತದೆ. 10:05ಕ್ಕೆ ದಾಖಲೆ ಸೇರುತ್ತದೆ. ಬೇಗ ಹರಡಲೆಂದು ಅದಕ್ಕೆ 300 ಸೆಕೆಂಡಿನ ಟಿಟಿಎಲ್ ಕೊಡಲಾಗುತ್ತದೆ. 10:20ಕ್ಕೆ ಅದೇ ರೆಸಾಲ್ವರನ್ನು `dig` ಮೂಲಕ ಕೇಳಿದರೆ ತೆರೆಯ ಮೇಲೆ ಬರುವ ಮುಖ್ಯ ಸಾಲುಗಳು ಇವು:

```
status: NXDOMAIN
;; AUTHORITY SECTION:
example.com. 2400 IN SOA ns1.example.com. hostmaster.example.com. 2025061001 7200 900 1209600 3600
```

`NXDOMAIN` ಎಂದರೆ ಆ ಹೆಸರೇ ಇಲ್ಲ ಎಂದು. ಎಸ್‌ಒಎ ಸಾಲಿನ ಆರಂಭದ 2400 ಎಂಬುದು ಉಳಿದಿರುವ ಸೆಕೆಂಡುಗಳು. 1200 ಸೆಕೆಂಡು, ಅಂದರೆ 20 ನಿಮಿಷ ಕಳೆದಿದೆ. ಇನ್ನು 40 ನಿಮಿಷ ಬಾಕಿ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಈ ಸಂಖ್ಯೆ ಇಳಿದಿರುತ್ತದೆ. ಹೀಗೆ ಇಳಿಯುತ್ತಿದ್ದರೆ ಉತ್ತರ ಕ್ಯಾಶ್‌ನಿಂದ ಬರುತ್ತಿದೆ ಎಂದು ತಿಳಿಯಬೇಕು. ಮತ್ತೆ ಮತ್ತೆ ಕೇಳಿದ ಮಾತ್ರಕ್ಕೆ ಎಣಿಕೆ ಮೊದಲಿನಿಂದ ಶುರುವಾಗುವುದಿಲ್ಲ. 11 ಗಂಟೆಗೆ ಅದು ಮುಗಿದ ಮೇಲೆ ಬರುವ ಮೊದಲ ಪ್ರಶ್ನೆ ಅಧಿಕೃತ ಸರ್ವರ್‌ಗೆ ಹೋಗಿ ಹೊಸ ವಿಳಾಸವನ್ನು ತರುತ್ತದೆ.

ಹೊಸ ದಾಖಲೆಯ 300 ಸೆಕೆಂಡಿನ ಟಿಟಿಎಲ್ ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ರೆಸಾಲ್ವರ್ ಆ ದಾಖಲೆಯನ್ನು ಇನ್ನೂ ನೋಡಿಯೇ ಇಲ್ಲ. ಅದರ ಕೈಯಲ್ಲಿರುವುದು ಹಳೆಯ ‘ಇಲ್ಲ’ ಮಾತ್ರ. ಇನ್ನೊಂದು ಸಂಗತಿಯೂ ಇದೆ. ಬೇರೊಂದು ರೆಸಾಲ್ವರ್ ಬಳಸುವವರು 10:06ಕ್ಕೆ ಮೊದಲ ಸಲ ಕೇಳಿದರೆ ಅವರಿಗೆ ಆ ಕ್ಷಣವೇ ವಿಳಾಸ ಸಿಗುತ್ತದೆ. ಹೊಸ ದಾಖಲೆ ಜಗತ್ತಿನಾದ್ಯಂತ ನಿಧಾನವಾಗಿ ‘ಹರಡುತ್ತದೆ’ ಎಂಬ ಮಾತು ರೂಢಿಯಲ್ಲಿದೆಯಾದರೂ, ಅದು ತಾನಾಗಿ ರೆಸಾಲ್ವರ್‌ಗಳತ್ತ ಹೋಗುವುದಿಲ್ಲ. ಕಾಯಬೇಕಾದವರು ದಾಖಲೆ ಹುಟ್ಟುವ ಮುನ್ನವೇ ವಿಚಾರಿಸಿದ ರೆಸಾಲ್ವರ್‌ಗಳನ್ನು ಬಳಸುವವರು ಮಾತ್ರ. ಹೀಗಾಗಿ ಹೊಸ ಹೆಸರಿಗಾಗಿ ಆತುರದಿಂದ ಕಾಯುತ್ತಿರುವವರೇ ಎಲ್ಲರಿಗಿಂತ ತಡವಾಗಿ ಅದನ್ನು ಕಾಣುವ ಸಂಭವ ಹೆಚ್ಚು.

‘ಇಲ್ಲ’ದಲ್ಲಿ ಎರಡು ಬಗೆಯಿದೆ. `NXDOMAIN` ಬಂದರೆ ಆ ಹೆಸರಿನ ಯಾವ ಬಗೆಯ ದಾಖಲೆಯೂ ಇಲ್ಲ ಎಂದರ್ಥ. ವಿಳಾಸಕ್ಕೆ ಕೇಳಿದಾಗ ಬಂದ ‘ಇಲ್ಲ’ ಆ ಹೆಸರಿನ ಮೇಲ್ ದಾಖಲೆಗೂ ಅನ್ವಯಿಸುತ್ತದೆ. ಇನ್ನೊಂದರಲ್ಲಿ ಹೆಸರು ಇದೆ, ಕೇಳಿದ ಬಗೆಯ ದಾಖಲೆ ಮಾತ್ರ ಇಲ್ಲ. ಆಗ ತೆರೆಯ ಮೇಲೆ `NOERROR` ಎಂದೇ ಇರುತ್ತದೆ, ಉತ್ತರದ ಭಾಗ ಮಾತ್ರ ಖಾಲಿ. ಇದಕ್ಕೆ ನೋಡೇಟಾ ಎನ್ನುತ್ತಾರೆ, ಇದು ಕೇಳಿದ ಆ ಒಂದು ಬಗೆಗಷ್ಟೇ ಕ್ಯಾಶ್ ಆಗುತ್ತದೆ. ಐಪಿವಿ4 ವಿಳಾಸ ಮೊದಲಿನಿಂದ ಇದ್ದ ಹೆಸರಿಗೆ ಹೊಸದಾಗಿ ಐಪಿವಿ6 ವಿಳಾಸ ಸೇರಿಸಿದಾಗ ಈ ಸ್ಥಿತಿ ಎದುರಾಗುತ್ತದೆ: ಹಳೆಯ ವಿಳಾಸ ಸರಿಯಾಗಿ ಬರುತ್ತಿರುತ್ತದೆ, ಹೊಸದು ಕೆಲ ಹೊತ್ತು ಕಾಣುವುದಿಲ್ಲ.

ಹೊಸ ಹೆಸರು ಕಾಣದಿದ್ದಾಗಲೆಲ್ಲ ಕ್ಯಾಶ್ ಮೇಲೆ ತಪ್ಪು ಹೊರಿಸುವಂತಿಲ್ಲ. ಮೊದಲು ಅಧಿಕೃತ ಸರ್ವರ್‌ಗಳನ್ನೇ ನೇರವಾಗಿ ಕೇಳಬೇಕು, ಅದೂ ಒಂದನ್ನಲ್ಲ, ಎಲ್ಲವನ್ನೂ:

```
dig @ns1.example.com shop.example.com
dig @ns2.example.com shop.example.com
```

ಎಲ್ಲವೂ ವಿಳಾಸವನ್ನು ಕೊಟ್ಟು, ರೆಸಾಲ್ವರ್ ಮಾತ್ರ ‘ಇಲ್ಲ’ ಎಂದರೆ ಅದು ನೆಗೆಟಿವ್ ಕ್ಯಾಶಿಂಗ್, ಕಾದರೆ ಸರಿಹೋಗುತ್ತದೆ. ಅಧಿಕೃತ ಸರ್ವರ್‌ಗಳಲ್ಲೇ ಒಂದು ‘ಇಲ್ಲ’ ಎಂದರೆ ಕಾರಣ ಬೇರೆ. ಝೋನ್ ತಿದ್ದಿದವರು ಆವೃತ್ತಿ ಸಂಖ್ಯೆಯನ್ನು ಏರಿಸಲು ಮರೆತಿದ್ದರೆ ಉಪ ಸರ್ವರ್ ಬದಲಾವಣೆಯೇ ಆಗಿಲ್ಲವೆಂದು ಹಳೆಯ ಪ್ರತಿಯನ್ನೇ ಇಟ್ಟುಕೊಂಡಿರುತ್ತದೆ. ಇದು ಕಾದರೂ ಸರಿಹೋಗುವುದಿಲ್ಲ. ಆ ಸರ್ವರ್ ‘ಇಲ್ಲ’ವನ್ನು ಹೊಸದಾಗಿ ಹಂಚುತ್ತಲೇ ಇರುತ್ತದೆ. ಇನ್ನು ಸಾರ್ವಜನಿಕ ರೆಸಾಲ್ವರ್ ಒಮ್ಮೆ ವಿಳಾಸ, ಒಮ್ಮೆ ‘ಇಲ್ಲ’ ಎಂದು ಬದಲಾಯಿಸಿ ಹೇಳುತ್ತಿದ್ದರೆ, ಒಂದೇ ವಿಳಾಸದ ಹಿಂದೆ ಹಲವು ಯಂತ್ರಗಳು ತಮ್ಮ ತಮ್ಮ ಕ್ಯಾಶ್ ಇಟ್ಟುಕೊಂಡಿರುವುದು ಅದಕ್ಕೆ ಕಾರಣವಾಗಿರಬಹುದು.

ಈಗಾಗಲೇ ಕ್ಯಾಶ್‌ಗೆ ಸೇರಿದ ‘ಇಲ್ಲ’ವನ್ನು ಡೊಮೇನಿನ ಒಡೆಯರು ದೂರದಿಂದ ಅಳಿಸಲಾರರು. ಆ ಹೊತ್ತಿನಲ್ಲಿ ಮಿನಿಮಮ್ ಇಳಿಸಿದರೂ ಅದು ಮುಂದೆ ಹೊರಡುವ ಉತ್ತರಗಳಿಗಷ್ಟೇ ಅನ್ವಯಿಸುತ್ತದೆ. ರೆಸಾಲ್ವರ್ ನಡೆಸುವವರು ಮಾತ್ರ ಆ ಹೆಸರನ್ನು ತಮ್ಮ ಕ್ಯಾಶ್‌ನಿಂದ ತೆಗೆಯಬಲ್ಲರು. ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶದಲ್ಲಿ ಅದಕ್ಕೆ `rndc flushname` ಎಂಬ ಆದೇಶವಿದೆ. ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಸಂಸ್ಥೆಗಳ ಸಾರ್ವಜನಿಕ ರೆಸಾಲ್ವರ್‌ಗಳಲ್ಲಿ ಯಾರು ಬೇಕಾದರೂ ಒಂದು ಹೆಸರಿನ ಕ್ಯಾಶ್ ತೆರವು ಮಾಡಿಸಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ `ipconfig /flushdns` ಕೊಟ್ಟರೆ ಆ ಕಂಪ್ಯೂಟರಿನ ಕ್ಯಾಶ್ ಮಾತ್ರ ಖಾಲಿಯಾಗುತ್ತದೆ, ರೆಸಾಲ್ವರ್‌ನದಲ್ಲ.

ಆದ್ದರಿಂದ ಉಪಾಯ ಮುಂಚಿತವಾಗಿಯೇ ನಡೆಯಬೇಕು. ಹೆಸರನ್ನು ಪ್ರಕಟಿಸುವ ಮೊದಲು ದಾಖಲೆ ಸೇರಿಸಿರಬೇಕು, ಸೇರಿಸುವ ಮೊದಲು ಪರೀಕ್ಷಿಸಬೇಕೆನಿಸಿದರೆ ಅಧಿಕೃತ ಸರ್ವರನ್ನೇ ನೇರ ಕೇಳಬೇಕು. ಹಾಗೆ ಕೇಳಿದ ಪ್ರಶ್ನೆ ರೆಸಾಲ್ವರ್‌ನ ಕ್ಯಾಶ್‌ನಲ್ಲಿ ಯಾವ ಗುರುತನ್ನೂ ಉಳಿಸುವುದಿಲ್ಲ. ಹೊಸ ಹೆಸರುಗಳು ಸಾಲಾಗಿ ಸೇರಲಿವೆ ಎಂದು ಗೊತ್ತಿದ್ದರೆ ಮಿನಿಮಮ್ ಅನ್ನು 300ರಷ್ಟಕ್ಕೆ ಇಳಿಸಿ, ಹಳೆಯ ಆಯುಷ್ಯ ಮುಗಿಯುವಷ್ಟು ಹೊತ್ತು ಬಿಟ್ಟು ಕೆಲಸ ಆರಂಭಿಸಬಹುದು. ಸಾಮಾನ್ಯ ದಿನಗಳಿಗೆ ಒಂದರಿಂದ ಮೂರು ಗಂಟೆ ಸೂಕ್ತ, ಒಂದು ದಿನ ಮೀರಿದರೆ ತೊಂದರೆ ಎಂದು ಆರ್‌ಎಫ್‌ಸಿ 2308 ಹೇಳುತ್ತದೆ. ರೆಸಾಲ್ವರ್‌ಗಳೂ ತಮ್ಮ ಕಡೆಯಿಂದ ಮೇಲ್ಮಿತಿ ಹಾಕಿಕೊಳ್ಳುತ್ತವೆ: ಬೇರೆ ಏನನ್ನೂ ಹೊಂದಿಸದಿದ್ದರೆ ಬೈಂಡ್‌ನಲ್ಲಿ ಅದು 10800 ಸೆಕೆಂಡ್. ಹೀಗಾಗಿ ಎಸ್‌ಒಎಯಲ್ಲಿ ಒಂದು ದಿನ ಎಂದು ಬರೆದಿದ್ದರೂ ಅಂಥ ರೆಸಾಲ್ವರ್‌ನಲ್ಲಿ ‘ಇಲ್ಲ’ ಎಂಬ ಉತ್ತರ ಮೂರು ಗಂಟೆಗೇ ಅಳಿಯುತ್ತದೆ.