ಹೊಳೆ ಬೇಡ, ವಾಲಿಬಾಲ್ ನೋಡೋಣ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕೆಸರುಗದ್ದೆ ಓಟದಲ್ಲಿ ಯಾರಾದರೂ ಬಿದ್ದರೆ ಗಾಬರಿಪಡುವವರಿಲ್ಲ. ಬೀಳುವುದೇ ಆ ಆಟದ ಮಜಾ. ಆದರೆ ಮೂವತ್ತೊಂದು ವರ್ಷದ ಈ ಯುವಕ ಜಾರಿ ಬಿದ್ದದ್ದಲ್ಲ. ಗೆರೆ ಹತ್ತಿರವಿರುವಾಗಲೇ ಕುಸಿದ, ಕೈಕಾಲು ಒಂದೆರಡು ಸಲ ಅದುರಿದವು, ಎತ್ತಿ ಬದುವಿನ ಮೇಲೆ ಮಲಗಿಸುವಷ್ಟರಲ್ಲಿ ಎಚ್ಚರವಾಯಿತು. ‘ಫಿಟ್ಸ್ ಇರ್ಬೇಕು ಮಾರಾಯ’ ಎಂದರು ಗೆಳೆಯರು. ಈತ ಲೇಖನಕ್ಕಾಗಿ ಕಟ್ಟಿಕೊಂಡ ಪಾತ್ರ, ಹಾಗಾಗಿ ಹೆಸರು ಬೇಡ. ಕಾಯಿಲೆ, ಅಳತೆ, ಔಷಧ ಮಾತ್ರ ನಿಜವಾದವು.

ಮರುದಿನ ವೈದ್ಯರು ಮೊದಲು ಕೇಳಿದ್ದು ಬಿದ್ದ ರೀತಿಯನ್ನು. ಬಿಸಿಲಲ್ಲಿ ಬಹಳ ಹೊತ್ತು ನಿಂತು, ಬೆವರಿ, ಕಣ್ಣು ಮಂಜಾಗಿ ತಲೆ ತಿರುಗಿ ಬೀಳುವುದು ಸಾಮಾನ್ಯ, ಹೆಚ್ಚಾಗಿ ಅಪಾಯವಿಲ್ಲದ್ದು. ಓಡುತ್ತಿರುವಾಗಲೇ ಸೂಚನೆಯಿಲ್ಲದೆ ಬೀಳುವುದು ಬೇರೆ. ಅಲ್ಲಿ ಹೃದಯವನ್ನೇ ಮೊದಲು ಅನುಮಾನಿಸಬೇಕು. ಮಿದುಳಿಗೆ ರಕ್ತ ನಿಂತರೂ ಕೈಕಾಲು ಅದುರುತ್ತವೆ, ಹಾಗಾಗಿಯೇ ಇಂಥ ಎಷ್ಟೋ ಜನ ಮೂರ್ಛೆರೋಗದ ಮಾತ್ರೆ ನುಂಗುತ್ತಾ ವರ್ಷಗಳನ್ನು ಕಳೆಯುತ್ತಾರೆ. ಎರಡನೆಯ ಪ್ರಶ್ನೆ: ‘ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ತೀರಿಕೊಂಡಿದ್ದಾರಾ?’ ಚಿಕ್ಕಪ್ಪ ಹತ್ತೊಂಬತ್ತರಲ್ಲೇ ತುಂಗೆಯ ಪಾಲಾಗಿದ್ದರು. ಒಳ್ಳೆ ಈಜುಗಾರ, ಸುಳಿಗೆ ಸಿಕ್ಕಿರಬೇಕು ಎಂದೇ ಮನೆಯವರು ನಂಬಿದ್ದರು.

ಇಸಿಜಿ ತೆಗೆದರು. ಯಂತ್ರ ಮುದ್ರಿಸಿದ ಷರಾದಲ್ಲಿ ದೋಷವೇನೂ ಇರಲಿಲ್ಲ. ವೈದ್ಯರು ಕಾಗದದ ಚೌಕಗಳನ್ನು ಕೈಯಲ್ಲೇ ಎಣಿಸಿದರು. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕ ಎಂದರೆ 40 ಮಿಲಿಸೆಕೆಂಡ್. ಪ್ರತಿ ಬಡಿತದ ಚಿತ್ರದಲ್ಲಿ ‘ಕ್ಯೂ’ ಎಂಬ ಚಿಕ್ಕ ತಗ್ಗಿನಿಂದ ‘ಟಿ’ ಎಂಬ ಕೊನೆಯ ದಿಬ್ಬ ಇಳಿಯುವವರೆಗಿನ ಅವಧಿಯೇ ಕ್ಯೂಟಿ. ಹೃದಯದ ಕೆಳಗೋಣೆಗಳು ವಿದ್ಯುತ್ ತುಂಬಿಕೊಂಡು ಮತ್ತೆ ಪೂರ್ತಿ ಇಳಿಸಿಕೊಳ್ಳಲು ಹಿಡಿಯುವ ಸಮಯ ಅದು. ಇವನದು 11 ಚೌಕ, ಅಂದರೆ 440 ಮಿಲಿಸೆಕೆಂಡ್.

ನಾಡಿ ಚುರುಕಾದಷ್ಟೂ ಕ್ಯೂಟಿ ಕಿರಿದಾಗುತ್ತದೆ. ಆದ್ದರಿಂದ ನಾಡಿಗೆ ತಕ್ಕಂತೆ ತಿದ್ದಿಕೊಳ್ಳದೆ ಆ ಅಂಕಿಗೆ ಅರ್ಥವಿಲ್ಲ. 1920ರಲ್ಲಿ ಬ್ಯಾಜೆಟ್ ಕೊಟ್ಟ ಸೂತ್ರವನ್ನೇ ಇಂದಿಗೂ ಹೆಚ್ಚಾಗಿ ಬಳಸುತ್ತಾರೆ: ಎರಡು ಬಡಿತಗಳ ನಡುವಿನ ಸೆಕೆಂಡುಗಳ ವರ್ಗಮೂಲದಿಂದ ಕ್ಯೂಟಿಯನ್ನು ಭಾಗಿಸಬೇಕು. ಇವನ ನಾಡಿ ನಿಮಿಷಕ್ಕೆ 75, ಅಂತರ 0.8 ಸೆಕೆಂಡ್, ಅದರ ವರ್ಗಮೂಲ ಸುಮಾರು 0.894. ತಿದ್ದಿದ ಕ್ಯೂಟಿ 492 ಬಂತು. ಗಂಡಸರಲ್ಲಿ 450ರವರೆಗೆ ಸಹಜ. ಬೇರೆ ಕಾರಣವಿಲ್ಲದೆ ಮತ್ತೆ ಮತ್ತೆ 480 ದಾಟಿದರೆ ಲಾಂಗ್ ಕ್ಯೂಟಿ ಸಿಂಡ್ರೋಮ್ ಎನ್ನುತ್ತಾರೆ. ಸುಮಾರು ಎರಡು ಸಾವಿರಕ್ಕೆ ಒಬ್ಬರಲ್ಲಿ ಇದು ಇರುತ್ತದೆ.

ಆಗುಂಬೆ ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಹೋದಾಗ ಟಿಎಂಟಿ ಯಂತ್ರದ ಮೇಲೆ ಓಡಿಸಿದರು. ಈ ಕಾಯಿಲೆಯಲ್ಲಿ ಓಡುವಾಗಿನ ಚಿತ್ರಕ್ಕಿಂತ ಓಟ ನಿಂತ ಮೇಲಿನ ನಾಲ್ಕನೇ ನಿಮಿಷದ ಚಿತ್ರ ಹೆಚ್ಚು ಹೇಳುತ್ತದೆ. ಸುಧಾರಿಸಿಕೊಳ್ಳುವ ಆ ಹೊತ್ತಿನಲ್ಲೂ ಅವನ ಕ್ಯೂಟಿ 480ರ ಮೇಲೇ ಉಳಿದಿತ್ತು. ಮುಂದೆ ರಕ್ತದ ಜೀನ್ ಪರೀಕ್ಷೆಯಲ್ಲಿ ಕೆಸಿಎನ್‌ಕ್ಯೂ1 ಎಂಬ ಜೀನಿನಲ್ಲಿ ದೋಷ ಸಿಕ್ಕಿತು. ಇದು ಒಂದನೇ ಬಗೆಯ ಲಾಂಗ್ ಕ್ಯೂಟಿ.

ಬಡಿತದ ಕೊನೆಯಲ್ಲಿ ಹೃದಯದ ಕೋಶದಿಂದ ಪೊಟ್ಯಾಸಿಯಂ ಹೊರಗೆ ಹರಿದಾಗಲೇ ಅದು ಮುಂದಿನ ಬಡಿತಕ್ಕೆ ಸಿದ್ಧವಾಗುವುದು. ಅಡಿಕೆ ತೋಟದ ಎರಡು ಬಸಿಗಾಲುವೆಗಳನ್ನು ನೆನೆಯಿರಿ. ಸಣ್ಣ ಮಳೆಗೆ ಒಂದೇ ಸಾಕು, ಆಷಾಢದ ಮಳೆಗೆ ಎರಡೂ ಬೇಕು. ಕೆಸಿಎನ್‌ಕ್ಯೂ1 ಕಟ್ಟುವುದು ಈ ಎರಡನೆಯ ಕಾಲುವೆಯನ್ನು. ಕುಳಿತಾಗ ಅದರ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಓಡಿದಾಗ, ಹೆದರಿದಾಗ ಅಡ್ರಿನಲಿನ್ ಏರಿ ನಾಡಿ ಚುರುಕಾಗುತ್ತದೆ, ಪೊಟ್ಯಾಸಿಯಂ ಬೇಗ ಹೊರಹೋಗಬೇಕಾಗುತ್ತದೆ. ಹೋಗದಿದ್ದರೆ ಸಿದ್ಧವಾಗದ ಕೋಶಗಳ ಮೇಲೇ ಹೊಸ ಬಡಿತ ಬಂದೆರಗಿ ಲಯ ತಿರುಚಿಕೊಳ್ಳುತ್ತದೆ. ಅದು ಕೆಲವು ಸೆಕೆಂಡಿನಲ್ಲಿ ತಾನಾಗಿ ನಿಂತರೆ ಎಚ್ಚರವಾಗುತ್ತದೆ. ನಿಲ್ಲದಿದ್ದರೆ ಸಾವು.

ಈ ಬಗೆಯವರಿಗೆ ಈಜು ವಿಶೇಷ ಅಪಾಯ. ಶ್ರಮವೂ ತಣ್ಣೀರೂ ಒಟ್ಟಿಗೆ ಸೇರುತ್ತವೆ, ಅದಕ್ಕಿಂತ ಮುಖ್ಯವಾಗಿ ನೀರಿನಲ್ಲಿ ಹತ್ತು ಸೆಕೆಂಡ್ ಎಚ್ಚರ ತಪ್ಪಿದರೂ ಮುಳುಗುತ್ತಾರೆ. ಚಿಕ್ಕಪ್ಪನ ಸಾವಿಗೂ ಇದೇ ಕಾರಣವಿದ್ದೀತು. ಈಗ ಸಾಬೀತು ಮಾಡಲಾಗದು.

ಔಷಧ ಬೀಟಾ ಬ್ಲಾಕರ್, ಅದರಲ್ಲೂ ನಡೋಲಾಲ್ ಅಥವಾ ಪ್ರೊಪ್ರನೊಲಾಲ್. ಅಡ್ರಿನಲಿನ್ನಿನ ಹೊಡೆತವನ್ನೇ ತಗ್ಗಿಸುವುದರಿಂದ ಒಂದನೇ ಬಗೆಗೆ ಇದು ಚೆನ್ನಾಗಿ ನಾಟುತ್ತದೆ. ಮೊದಲ ವಾರಗಳಲ್ಲಿ ಅವನಿಗೆ ತೋಟದ ದರೆ ಹತ್ತಿದರೂ ಸುಸ್ತು. ಸುಸ್ತೆಂದು ಮಾತ್ರೆ ಬಿಟ್ಟವರಲ್ಲೇ ತೊಂದರೆ ಮರುಕಳಿಸುವುದು ಹೆಚ್ಚು ಎಂದು ವೈದ್ಯರು ಎಚ್ಚರಿಸಿ, ಪ್ರಮಾಣವನ್ನು ನಿಧಾನ ಏರಿಸಿದರು.

ಇನ್ನೊಂದು ಕಾಗದ ಅವನ ಜೇಬಿಗೆ ಬಂತು: ಕ್ಯೂಟಿ ಹಿಗ್ಗಿಸುವ ಔಷಧಗಳ ಪಟ್ಟಿ. ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಫ್ಲುಕೊನಜೋಲ್, ಕ್ಲೋರೊಕ್ವಿನ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಡೊಂಪೆರಿಡೋನ್. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಸಿಗುವ ಮಾತ್ರೆಗಳೇ ಇದರಲ್ಲಿ ಹೆಚ್ಚು. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಈ ತಾಲ್ಲೂಕುಗಳಲ್ಲಿ ಜ್ವರ, ವಾಂತಿ ಜೊತೆಯಾಗಿ ಬರುವುದು ಹೊಸದಲ್ಲ. ವಾಂತಿಭೇದಿಯಿಂದ ದೇಹದ ಪೊಟ್ಯಾಸಿಯಂ ಇಳಿದು ಕ್ಯೂಟಿ ಇನ್ನಷ್ಟು ಹಿಗ್ಗುತ್ತದೆ, ಅದರ ಮೇಲೆ ಪಟ್ಟಿಯ ಮಾತ್ರೆಯೂ ಬಿದ್ದರೆ ಕೂತಲ್ಲೇ ಅಪಾಯ. ಅದಕ್ಕೇ ಜ್ವರ ಬಂದ ದಿನ ಆ ಕಾಗದವನ್ನು ಮೊದಲು ತೋರಿಸಬೇಕು.

ಹಾಗಾದರೆ ಆಟ? ಪ್ರತಿ ಸಂಜೆ ಶಾಲೆ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದವನಿಗೆ ಮಾತ್ರೆಗಿಂತ ಕಷ್ಟವಾದದ್ದು ಇದೇ. 2005ರ ಅಮೆರಿಕದ ಮಾರ್ಗಸೂಚಿ ಇಂಥವರಿಗೆ ಬಿಲಿಯರ್ಡ್ಸ್, ಗಾಲ್ಫ್‌ನಂಥ ಆಟಗಳನ್ನಷ್ಟೇ ಉಳಿಸಿತ್ತು. ಆ ಕಟ್ಟುನಿಟ್ಟಿಗೆ ಪುರಾವೆಗಿಂತ ಭಯವೇ ಹೆಚ್ಚಿನ ಆಧಾರವಾಗಿತ್ತು. 2015ರಲ್ಲಿ ನಿಯಮ ಸಡಿಲಿತು: ಚಿಕಿತ್ಸೆ ಶುರುವಾಗಿ ಕನಿಷ್ಠ ಮೂರು ತಿಂಗಳು ಲಕ್ಷಣಗಳಿಲ್ಲದಿದ್ದರೆ ಆಟದ ಬಗ್ಗೆ ಯೋಚಿಸಬಹುದು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು 1,400 ಜನರನ್ನು ಮೂರು ವರ್ಷ ಗಮನಿಸಿ, ಬಿರುಸಾಗಿ ಆಡುವವರಿಗೂ ಆಡದವರಿಗೂ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ಆದರೆ ಅವರೆಲ್ಲ ಪರಿಣತರ ಕೈಕೆಳಗೆ ಚಿಕಿತ್ಸೆಯಲ್ಲಿದ್ದವರು. ಮಾತ್ರೆ ತಪ್ಪಿಸುವವನಿಗೆ ಆ ಫಲಿತಾಂಶ ಅನ್ವಯಿಸದು.

ಮೂರು ತಿಂಗಳಾದ ಮೇಲೆ ಮತ್ತೆ ಟಿಎಂಟಿ ಮಾಡಿಸಿ, ವೈದ್ಯರೂ ಅವನೂ ಹೆಂಡತಿಯೂ ಕೂತು ಗೆರೆ ಎಳೆದರು. ವಾಲಿಬಾಲ್ ಸರಿ, ಪಂದ್ಯಾವಳಿಯ ಹಠ ಬೇಡ. ಹೊಳೆಗೆ ಇಳಿಯುವಂತಿಲ್ಲ, ಕೊನೆ ತೆಗೆಯಲು ಮರ ಹತ್ತುವಂತಿಲ್ಲ. ಜೊತೆಗೆ ಆಡುವವರಿಗೆ ಎದೆ ಒತ್ತಲು ಬರಬೇಕು: ಎದೆಯ ನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಕುಗ್ಗುತ್ತದೆ, ಆಂಬುಲೆನ್ಸ್ ಘಾಟಿ ರಸ್ತೆಯಲ್ಲಿ ಬರುವವರೆಗೆ ಗೆಳೆಯರ ಕೈಗಳೇ ಗತಿ.

ಉಳಿದದ್ದು ನಾಲ್ಕು ವರ್ಷದ ಮಗಳ ಚಿಂತೆ. ದೋಷ ಅವಳಿಗೆ ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳ ಇಸಿಜಿ ಸರಿಯಾಗಿಯೇ ಇತ್ತು. ಆದರೆ ದೋಷವಿದ್ದವರಲ್ಲಿ ಸುಮಾರು ಕಾಲುಭಾಗದ ಜನರ ಇಸಿಜಿಯೂ ಸರಿಯಾಗೇ ಕಾಣುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ. ಅಪ್ಪನ ದೋಷ ಜೀನಿನ ಯಾವ ಜಾಗದಲ್ಲಿದೆ ಎಂದು ಗೊತ್ತಿರುವುದರಿಂದ ಮಗಳಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರೆ ಸಾಕು. ಅಲ್ಲಿ ದೋಷವಿಲ್ಲದಿದ್ದರೆ ಅವಳಿಗೆ ಮಾತ್ರೆಯೂ ಬೇಡ, ನಿರ್ಬಂಧವೂ ಬೇಡ. ಇದ್ದರೆ, ಬೀಳುವ ಮೊದಲೇ ಮಾತ್ರೆ ಶುರು ಮಾಡಬಹುದು. ಚಿಕ್ಕಪ್ಪನಿಗೆ ಆ ಅವಕಾಶ ಸಿಕ್ಕಿರಲಿಲ್ಲ.